ಸೂಜಿಗೆ ಮೊದಲೇ ಜ್ವರದ ಹನಿ ಹಾಕಬೇಕೆ?

ಒಂದೂವರೆ ತಿಂಗಳ ಮಗುವಿಗೆ ಮೊದಲ ಪೆಂಟಾ ಸೂಜಿ ಹಾಕಿಸುವ ದಿನ ಅನೇಕ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ. “ಹೊರಡೋಕೆ ಮುಂಚೆನೇ ಜ್ವರದ ಹನಿ ಹಾಕಿಬಿಡಮ್ಮ, ರಾತ್ರಿ ಮಗು ಒದ್ದಾಡೋದು ತಪ್ಪುತ್ತೆ” ಎಂದು ಅಜ್ಜಿ ಹೇಳುತ್ತಾರೆ. ಆಸ್ಪತ್ರೆಯಲ್ಲಿ ಸಿಸ್ಟರ್ “ಈಗ ಬೇಡ, ಜ್ವರ ಬಂದ್ರೆ ಮಾತ್ರ ಹಾಕಿ” ಎನ್ನುತ್ತಾರೆ. ಪಕ್ಕದ ಮನೆಯವರಿಗೆ ಇನ್ನೊಬ್ಬ ಡಾಕ್ಟರು ಸೂಜಿ ಆದ ಕೂಡಲೇ ಹಾಕಿ ಎಂದಿರುತ್ತಾರೆ. ಮೂವರ ಮಾತಿಗೂ ಒಂದೊಂದು ಆಧಾರವಿದೆ. ಆದರೆ ಮೂರೂ ಒಂದೇ ಅಲ್ಲ. ಪ್ಯಾರಾಸಿಟಮಾಲ್ ಕೊಡಬೇಕೋ ಬೇಡವೋ ಎನ್ನುವುದಕ್ಕಿಂತ ಯಾವ ಹೊತ್ತಿನಲ್ಲಿ ಕೊಡಬೇಕು ಎನ್ನುವುದೇ ಇಲ್ಲಿ ಮುಖ್ಯ. ಇದು ಸ್ಪಷ್ಟವಾಗಿದ್ದು ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ.

ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಮಗುವಿಗೆ ಆರು, ಹತ್ತು ಮತ್ತು ಹದಿನಾಲ್ಕು ವಾರ ತುಂಬಿದಾಗ ಪೆಂಟಾವೇಲೆಂಟ್ ಕೊಡುತ್ತಾರೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಮತ್ತು ಹಿಬ್ ಎಂಬ ಬ್ಯಾಕ್ಟೀರಿಯಾದ ಕಾಯಿಲೆಗಳು, ಹೀಗೆ ಐದಕ್ಕೂ ಸೇರಿ ಒಂದೇ ಸೂಜಿ. ಅದರೊಂದಿಗೆ ಪೋಲಿಯೋ ಹನಿ ಮತ್ತು ರೋಟಾ ಹನಿ ಇರುತ್ತವೆ. ಆರು ಮತ್ತು ಹದಿನಾಲ್ಕನೇ ವಾರಗಳಲ್ಲಿ ನ್ಯುಮೋನಿಯಾ ತಡೆಯುವ ಪಿಸಿವಿ ಸೂಜಿಯೂ ಇರುತ್ತದೆ. ಇವುಗಳಲ್ಲಿ ಜ್ವರ ತರಿಸುವುದರಲ್ಲಿ ಮುಂದಿರುವುದು ಪೆಂಟಾದೊಳಗಿನ ನಾಯಿಕೆಮ್ಮಿನ ಭಾಗ. ನಮ್ಮ ಸರ್ಕಾರಿ ಲಸಿಕೆಯಲ್ಲಿ ನಾಯಿಕೆಮ್ಮಿನ ಬ್ಯಾಕ್ಟೀರಿಯಾವನ್ನು ಕೊಂದು ಇಡಿಯಾಗಿಯೇ ಬಳಸುತ್ತಾರೆ. ಖಾಸಗಿ ಕ್ಲಿನಿಕ್ಕುಗಳಲ್ಲಿ ‘ನೋವಿಲ್ಲದ ಸೂಜಿ’ ಎಂದು ಕೊಡುವ ದುಬಾರಿ ಲಸಿಕೆಯಲ್ಲಿ ಆ ಬ್ಯಾಕ್ಟೀರಿಯಾದ ಕೆಲವೇ ಪ್ರೋಟೀನುಗಳಿರುತ್ತವೆ. ಅದಕ್ಕೇ ಅದರಲ್ಲಿ ಜ್ವರ, ತೊಡೆಯ ಊತ ಕಡಿಮೆ.

ಜ್ವರ ಬರುವ ದಾರಿ ಹೀಗಿದೆ. ಸೂಜಿ ಚುಚ್ಚಿದ ಜಾಗಕ್ಕೆ ಮೊದಲು ಬರುವ ರಕ್ಷಣಾ ಕೋಶಗಳು ಪರಕೀಯ ವಸ್ತುವನ್ನು ಗುರುತಿಸಿ ರಾಸಾಯನಿಕ ಸಂಕೇತಗಳನ್ನು ಹೊರಡಿಸುತ್ತವೆ. ಆ ಸಂಕೇತಗಳು ಮಿದುಳನ್ನು ತಲುಪಿದಾಗ ಅಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು ಹೆಚ್ಚಿ ಮೈಯ ಬಿಸಿಯ ಮಟ್ಟ ಮೇಲೇರುತ್ತದೆ. ಪ್ಯಾರಾಸಿಟಮಾಲ್ ತಡೆಯುವುದು ಮುಖ್ಯವಾಗಿ ಈ ಪ್ರೋಸ್ಟಗ್ಲಾಂಡಿನ್ ತಯಾರಾಗುವುದನ್ನು. ಜ್ವರ ಸಾಮಾನ್ಯವಾಗಿ ಸೂಜಿ ಹಾಕಿದ ದಿನ ಸಂಜೆಯಿಂದ ರಾತ್ರಿಯೊಳಗೆ ಕಾಣಿಸಿಕೊಂಡು ಒಂದೆರಡು ದಿನದಲ್ಲಿ ಇಳಿಯುತ್ತದೆ. ಅಂದರೆ ಜ್ವರ ಕಾಣಿಸುವ ಎಷ್ಟೋ ಗಂಟೆ ಮೊದಲೇ ತೊಡೆಯಲ್ಲೂ, ತೊಡೆಸಂದಿಯ ದುಗ್ಧಗ್ರಂಥಿಯಲ್ಲೂ ಕೆಲಸ ಶುರುವಾಗಿರುತ್ತದೆ.

ಪ್ಯಾರಾಸಿಟಮಾಲನ್ನು ಮುಂಗಡವಾಗಿ ಕೊಡುವ ರೂಢಿ ಹಳೆಯದು. ಇಡೀ ಬ್ಯಾಕ್ಟೀರಿಯಾದ ಡಿಪಿಟಿ ಲಸಿಕೆಯೇ ಎಲ್ಲೆಡೆ ಬಳಕೆಯಲ್ಲಿದ್ದ 1980ರ ದಶಕದಲ್ಲಿ, ಹೀಗೆ ಕೊಟ್ಟರೆ ಹಸುಗೂಸುಗಳಲ್ಲಿ ಜ್ವರ, ಕಿರಿಕಿರಿ ಕಡಿಮೆಯಾಗುತ್ತದೆ ಎಂದು ತೋರಿಸಿದ ಅಧ್ಯಯನಗಳು ಬಂದವು. ಪಾಲಕರಿಗೂ ವೈದ್ಯರಿಗೂ ಅದು ಒಪ್ಪಿಗೆಯಾಯಿತು. ಆದರೆ ಲಸಿಕೆ ಹಾಕಿಸುವುದು ಜ್ವರವಿಲ್ಲದೆ ರಾತ್ರಿ ಕಳೆಯಲೆಂದಲ್ಲ, ಮಗುವಿನ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟಲೆಂದು. ಆ ಕೆಲಸಕ್ಕೆ ಔಷಧಿ ಅಡ್ಡಿಯಾಗುತ್ತದೆಯೇ ಎಂಬ ಪ್ರಶ್ನೆಯನ್ನು ದೊಡ್ಡ ಮಟ್ಟದಲ್ಲಿ, ಹಲವು ಲಸಿಕೆಗಳಿಗೆ ಸೇರಿಸಿ ಪರೀಕ್ಷಿಸಿದ್ದು ಝೆಕ್ ಗಣರಾಜ್ಯದಲ್ಲಿ. ಅದರ ಫಲಿತಾಂಶ 2009ರ ಅಕ್ಟೋಬರ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಅಧ್ಯಯನವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಂದು ನಡೆಯುವ ಎಲ್ಲ ವಾದಕ್ಕೂ ಅದೇ ಬುಡ. ರೋಮನ್ ಪ್ರಿಮುಲಾ ಮತ್ತು ಅವರ ಸಂಗಡಿಗರು ಹತ್ತು ಕೇಂದ್ರಗಳಲ್ಲಿ 459 ಆರೋಗ್ಯವಂತ ಶಿಶುಗಳನ್ನು ಸೇರಿಸಿಕೊಂಡರು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಒಂದು ಗುಂಪಿನ 226 ಮಕ್ಕಳಿಗೆ ಪ್ರತಿ ಲಸಿಕೆಯ ನಂತರದ ಮೊದಲ 24 ಗಂಟೆಗಳಲ್ಲಿ, ಆರರಿಂದ ಎಂಟು ಗಂಟೆಗೊಮ್ಮೆ, ಜ್ವರ ಇರಲಿ ಇಲ್ಲದಿರಲಿ ಪ್ಯಾರಾಸಿಟಮಾಲ್ ಕೊಟ್ಟರು. ಉಳಿದ 233 ಮಕ್ಕಳಿಗೆ ಹಾಗೆ ಮುಂಗಡವಾಗಿ ಕೊಡಲಿಲ್ಲ. ಎರಡೂ ಗುಂಪಿಗೆ ಒಂದೇ ಲಸಿಕೆಗಳು: ಹತ್ತು ಬಗೆಯ ನ್ಯುಮೊಕಾಕಸ್‌ಗೆ ತಡೆಯೊಡ್ಡುವ ಸೂಜಿ, ಆರು ಕಾಯಿಲೆಗಳ ಒಂದು ಸಂಯುಕ್ತ ಸೂಜಿ ಮತ್ತು ರೋಟಾ ಹನಿ. ಶೈಶವದ ಸರಣಿ ಮುಗಿದ ಮೇಲೆ, ವರ್ಷ ದಾಟಿದಾಗ ಮತ್ತೊಂದು ಬೂಸ್ಟರ್.

ಜ್ವರದ ವಿಷಯದಲ್ಲಿ ಅಜ್ಜಿಯ ಮಾತು ನಿಜವಾಯಿತು. ಶೈಶವದ ಸರಣಿಯಲ್ಲಿ ಒಮ್ಮೆಯಾದರೂ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದ ಮಕ್ಕಳು ಔಷಧಿ ಇಲ್ಲದ ಗುಂಪಿನಲ್ಲಿ ನೂರಕ್ಕೆ 66, ಔಷಧಿ ಪಡೆದವರಲ್ಲಿ ನೂರಕ್ಕೆ 42. ಲೆಕ್ಕ ಹಾಕಿದರೆ, ಹೆಚ್ಚುಕಡಿಮೆ ನಾಲ್ಕು ಮಕ್ಕಳಿಗೆ ಮುಂಗಡವಾಗಿ ಔಷಧಿ ಕೊಟ್ಟಾಗ ಒಂದು ಮಗುವಿನ ಜ್ವರ ತಪ್ಪಿತು. ಆದರೆ ಪಾಲಕರು ನಿಜವಾಗಿ ಹೆದರುವ ಜ್ವರ ಬೇರೆ. ಅದು 39.5 ಡಿಗ್ರಿ ದಾಟುವ, ಫ್ಯಾರನ್‌ಹೀಟಿನಲ್ಲಿ 103ರ ಮೇಲೆ ಹೋಗುವ ಜ್ವರ. ಅದು ಎರಡೂ ಗುಂಪಿನಲ್ಲಿ ಅಪರೂಪವೇ ಆಗಿತ್ತು. ಔಷಧಿ ಪಡೆದ 226ರಲ್ಲಿ ಒಂದು ಮಗುವಿಗೆ, ಪಡೆಯದ 233ರಲ್ಲಿ ಮೂರು ಮಕ್ಕಳಿಗೆ ಅಷ್ಟು ಜ್ವರ ಬಂದಿತ್ತು. ಅಂದರೆ ಮುಂಗಡ ಔಷಧಿ ತಪ್ಪಿಸಿದ್ದು ಹೆಚ್ಚಾಗಿ ತಾನಾಗಿಯೇ ಇಳಿದುಹೋಗುವ ಸಣ್ಣ ಜ್ವರವನ್ನು.

ಇನ್ನು ರಕ್ತ ಪರೀಕ್ಷೆ. ಶೈಶವದ ಸರಣಿಯ ನಂತರ ಪ್ರತಿಕಾಯಗಳನ್ನು ಅಳೆದಾಗ, ಔಷಧಿ ಪಡೆದ ಗುಂಪಿನಲ್ಲಿ ನ್ಯುಮೊಕಾಕಸ್‌ನ ಹತ್ತೂ ಬಗೆಗಳಿಗೆ ಸರಾಸರಿ ಮಟ್ಟ ಗಮನಾರ್ಹವಾಗಿ ಕೆಳಗಿತ್ತು. ಹಿಬ್, ಗಂಟಲಮಾರಿ, ಧನುರ್ವಾಯು ಮತ್ತು ನಾಯಿಕೆಮ್ಮಿನ ಒಂದು ಪ್ರೋಟೀನಿಗೂ ಹಾಗೆಯೇ. ಬೂಸ್ಟರ್ ನಂತರವೂ ನ್ಯುಮೊಕಾಕಸ್‌ನ ಒಂದು ಬಗೆ ಬಿಟ್ಟು ಉಳಿದೆಲ್ಲದರಲ್ಲಿ ಮತ್ತು ಧನುರ್ವಾಯುವಿನಲ್ಲಿ ವ್ಯತ್ಯಾಸ ಉಳಿದಿತ್ತು. ಲಸಿಕೆ ಹಾಕುವಾಗ ಪ್ಯಾರಾಸಿಟಮಾಲನ್ನು ರೂಢಿಯಾಗಿ ಮುಂಗಡ ಕೊಡುವುದು ಬೇಡ ಎಂದು ಸಂಶೋಧಕರು ಬರೆದರು.

ಇಲ್ಲಿ ಅವಸರದಿಂದ ಒಂದು ತಪ್ಪು ತೀರ್ಮಾನಕ್ಕೆ ಬರುವವರಿದ್ದಾರೆ: ‘ಪ್ಯಾರಾಸಿಟಮಾಲ್ ಕೊಟ್ಟರೆ ಲಸಿಕೆ ಕೆಲಸವೇ ಮಾಡುವುದಿಲ್ಲ’ ಎಂದು. ಅದು ನಿಜವಲ್ಲ. ಪ್ರತಿಕಾಯದ ಸರಾಸರಿ ಕಡಿಮೆಯಾಗುವುದು ಬೇರೆ, ಮಗು ರಕ್ಷಣೆಯ ಮಟ್ಟಕ್ಕಿಂತ ಕೆಳಗಿಳಿಯುವುದು ಬೇರೆ. ಹಲವು ಕಾಯಿಲೆಗಳಿಗೆ ‘ಇಷ್ಟಿದ್ದರೆ ರಕ್ಷಣೆ ಇದೆ’ ಎಂದು ಒಪ್ಪಿಕೊಂಡ ಒಂದು ಗೆರೆ ಇರುತ್ತದೆ. ಧನುರ್ವಾಯುವಿಗೆ ಅದು ಒಂದು ಮಿಲಿಲೀಟರ್ ರಕ್ತಸಾರದಲ್ಲಿ 0.1 ಅಂತರರಾಷ್ಟ್ರೀಯ ಯೂನಿಟ್. ಒಳ್ಳೆಯ ಲಸಿಕೆ ಮಗುವನ್ನು ಈ ಗೆರೆಗಿಂತ ಎಷ್ಟೋ ಮೇಲಕ್ಕೆ ಕೊಂಡೊಯ್ಯುತ್ತದೆ. ಅಲ್ಲಿಂದ ಒಂದಿಷ್ಟು ಇಳಿದರೂ ಬಹುತೇಕ ಮಕ್ಕಳು ಗೆರೆಯ ಮೇಲೆಯೇ ಉಳಿಯುತ್ತಾರೆ. 2014ರಲ್ಲಿ 13 ಪ್ರಯೋಗಗಳ, ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೂ ಇದನ್ನೇ ಹೇಳಿತು: ಜ್ವರ ತಗ್ಗುತ್ತದೆ, ಕೆಲವು ಲಸಿಕೆಗಳಿಗೆ ಪ್ರತಿಕಾಯವೂ ತಗ್ಗುತ್ತದೆ, ಆದರೆ ನ್ಯುಮೊಕಾಕಸ್ ಮತ್ತು ಹಿಬ್ ಜಾತಿಯ ಬ್ಯಾಕ್ಟೀರಿಯಾ ಮಕ್ಕಳ ಮೂಗು–ಗಂಟಲಲ್ಲಿ ನೆಲೆಸುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ಕಳೆದ ಬಾರಿ ಮುಂಗಡವಾಗಿ ಹನಿ ಹಾಕಿದ ತಾಯಿ ಗಾಬರಿಪಡಬೇಕಿಲ್ಲ. ಆ ಡೋಸು ವ್ಯರ್ಥವಾಗಿಲ್ಲ, ಮತ್ತೆ ಹಾಕಿಸುವ ಅಗತ್ಯವೂ ಇಲ್ಲ.

ಹಾಗಿದ್ದರೆ ಸಮಸ್ಯೆ ಇರುವುದು ಔಷಧಿಯಲ್ಲೋ, ಕೊಟ್ಟ ಹೊತ್ತಿನಲ್ಲೋ? ಇದಕ್ಕೆ ಉತ್ತರ ಬಂದದ್ದು ಪೋಲೆಂಡಿನಿಂದ, 2017ರಲ್ಲಿ. ಅಲ್ಲಿ ಸುಮಾರು 900 ಶಿಶುಗಳಿಗೆ 13 ಬಗೆಯ ನ್ಯುಮೊಕಾಕಸ್ ಲಸಿಕೆಯನ್ನೂ ಆರು ಕಾಯಿಲೆಗಳ ಸೂಜಿಯನ್ನೂ ಕೊಟ್ಟರು. ಈ ಬಾರಿ ಹೊತ್ತನ್ನೇ ಬದಲಿಸಿ ಗುಂಪು ಮಾಡಿದ್ದರು. ಕೆಲವರಿಗೆ ಪ್ಯಾರಾಸಿಟಮಾಲಿನ ಮೊದಲ ಡೋಸು ಲಸಿಕೆಯ ಜೊತೆಯಲ್ಲೇ. ಕೆಲವರಿಗೆ ಮೊದಲ ಡೋಸು ಆರರಿಂದ ಎಂಟು ಗಂಟೆ ಕಳೆದ ಮೇಲೆ. ಇನ್ನು ಕೆಲವರಿಗೆ ಇದೇ ಎರಡು ರೀತಿಯಲ್ಲಿ ಐಬುಪ್ರೊಫೆನ್. ಜೊತೆಯಲ್ಲೇ ಪ್ಯಾರಾಸಿಟಮಾಲ್ ಪಡೆದವರಲ್ಲಿ 13ರಲ್ಲಿ ಐದು ಬಗೆಗಳಿಗೆ ಪ್ರತಿಕಾಯ ಕಡಿಮೆ ಬಂತು. ಆರೆಂಟು ಗಂಟೆ ತಡೆದು ಶುರುಮಾಡಿದವರಲ್ಲಿ ಆ ಇಳಿತ ಕಾಣಲಿಲ್ಲ. ಅದೇ ಔಷಧಿ, ಅದೇ ವಯಸ್ಸಿನ ಮಕ್ಕಳು, ನಡುವೆ ಕೆಲವು ಗಂಟೆಗಳ ಅಂತರ ಅಷ್ಟೇ. ಐಬುಪ್ರೊಫೆನನ್ನು ಜೊತೆಯಲ್ಲೇ ಕೊಟ್ಟಾಗ ನ್ಯುಮೊಕಾಕಸ್‌ಗೆ ತೊಂದರೆಯಾಗಲಿಲ್ಲ, ಆದರೆ ನಾಯಿಕೆಮ್ಮಿನ ಒಂದು ಭಾಗಕ್ಕೂ ಧನುರ್ವಾಯುವಿಗೂ ಪ್ರತಿಕಾಯ ತಗ್ಗಿತು. ವರ್ಷ ದಾಟಿದ ಮೇಲಿನ ಡೋಸಿನ ನಂತರ ಅಳೆದಾಗ ಯಾವ ಗುಂಪಿನಲ್ಲೂ ಇಳಿತ ಕಾಣಲಿಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯಲ್ಲಿ ಅತಿ ಬೆಲೆಯುಳ್ಳ ಮಾಹಿತಿ ಇದೇ. ಲಸಿಕೆಯ ಮೊದಲ ಕೆಲವು ಗಂಟೆಗಳಲ್ಲಿ ನಡೆಯುವುದು ಪರಿಚಯದ ಕೆಲಸ. ಚುಚ್ಚಿದ ಜಾಗದಲ್ಲಿ ಉರಿಯೂತ ಎದ್ದು, ಕೋಶಗಳು ಲಸಿಕೆಯ ತುಣುಕನ್ನು ಹೊತ್ತು ದುಗ್ಧಗ್ರಂಥಿಗೆ ಸಾಗಿ, ಅಲ್ಲಿನ ಬಿ ಮತ್ತು ಟಿ ಕೋಶಗಳಿಗೆ ಅದನ್ನು ತೋರಿಸುತ್ತವೆ. ಆ ಹೊತ್ತಿನಲ್ಲಿ ಉರಿಯೂತದ ಸಂಕೇತ ಮಂಕಾದರೆ ಪರಿಚಯವೂ ಮಂಕಾಗುತ್ತದೆ ಎಂಬುದು ತಜ್ಞರು ಕೊಡುವ ವಿವರಣೆ. ಮಗು ಆ ವಸ್ತುವನ್ನು ಮೊದಲ ಸಲ ಕಾಣುತ್ತಿರುವಾಗ ಪರಿಣಾಮ ಎದ್ದು ಕಾಣುತ್ತದೆ. ಮೊದಲೇ ಪರಿಚಯವಾಗಿ ನೆನಪಿನ ಕೋಶಗಳು ಸಿದ್ಧವಾಗಿರುವ ಬೂಸ್ಟರ್ ಡೋಸಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಸಂಜೆ ಜ್ವರ ಬಂದ ಮೇಲೆ ಕೊಡುವ ಔಷಧಿ ಏಕೆ ತೊಂದರೆ ಮಾಡುವುದಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ಜ್ವರ ಬರುವ ಹೊತ್ತಿಗೆ ಆ ಮೊದಲ ಗಂಟೆಗಳು ಕಳೆದಿರುತ್ತವೆ.

ನಮ್ಮ ಮಕ್ಕಳಿಗೆ ಇದನ್ನು ಅನ್ವಯಿಸುವಾಗ ಎರಡು ಸಂಗತಿ ನೆನಪಿಡಬೇಕು. ಝೆಕ್ ಮತ್ತು ಪೋಲಿಷ್ ಮಕ್ಕಳು ಪಡೆದದ್ದು ಕಡಿಮೆ ಜ್ವರ ತರುವ ನಾಯಿಕೆಮ್ಮು ಲಸಿಕೆ. ನಮ್ಮ ಪೆಂಟಾದಲ್ಲಿ ಜ್ವರ ಇನ್ನೂ ಸಾಮಾನ್ಯ, ಆದ್ದರಿಂದ ನಮ್ಮ ತಾಯಂದಿರಿಗೆ ಸಂಜೆ ಔಷಧಿ ಬೇಕಾಗುವ ಸಂಭವವೂ ಹೆಚ್ಚು. ಎರಡನೆಯದು, ಝೆಕ್ ಮಕ್ಕಳಿಗೆ ಶೈಶವದಲ್ಲಿ ನ್ಯುಮೊಕಾಕಸ್‌ನ ಮೂರು ಡೋಸು ಸಿಕ್ಕಿತ್ತು, ನಮ್ಮಲ್ಲಿ ಒಂಬತ್ತನೇ ತಿಂಗಳ ಬೂಸ್ಟರಿಗೆ ಮೊದಲು ಸಿಗುವುದು ಎರಡೇ. ಅಧ್ಯಯನಗಳಲ್ಲಿ ಹೆಚ್ಚು ಪೆಟ್ಟು ಬಿದ್ದದ್ದು ಇದೇ ಲಸಿಕೆಗೆ. ಎರಡೇ ಡೋಸಿನಲ್ಲಿ ಕೆಲಸ ಮುಗಿಸಬೇಕಾದ ಕಡೆ ಅದಕ್ಕೆ ಅಡ್ಡಿ ಮಾಡದಿರುವುದು ವಿವೇಕ ಎಂದು ನನಗೆ ತೋರುತ್ತದೆ.

ಆದರೆ ಬ್ರಿಟನ್ನಿನಲ್ಲಿ ನೆಲೆಸಿರುವ ಮಗಳಿಗೆ ಅಲ್ಲಿನ ನರ್ಸ್ ಸೂಜಿ ಆದ ಕೂಡಲೇ ಪ್ಯಾರಾಸಿಟಮಾಲ್ ಕೊಡಲು ಹೇಳುತ್ತಾರಲ್ಲ, ಅದು ತಪ್ಪೇ? ತಪ್ಪಲ್ಲ. 2015ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಮೆನಿಂಜೈಟಿಸ್-ಬಿ ಲಸಿಕೆಯನ್ನು ಶಿಶುಗಳ ಪಟ್ಟಿಗೆ ಸೇರಿಸಿತು. ಬೇರೆ ಲಸಿಕೆಗಳ ಜೊತೆ ಕೊಟ್ಟಾಗ ಅದು ತರುವ ಜ್ವರ ಬಹಳ ಹೆಚ್ಚು. ಅಷ್ಟು ಮಕ್ಕಳಿಗೆ ಜ್ವರ ಬಂದರೆ ಪಾಲಕರು ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ, ಎಳೆಗೂಸುಗಳಿಗೆ ಬೇಡದ ರಕ್ತಪರೀಕ್ಷೆಗಳಾಗುತ್ತವೆ, ಮುಂದಿನ ಡೋಸಿಗೆ ಬರುವುದೇ ನಿಂತುಹೋಗಬಹುದು. ಆದ್ದರಿಂದ ಆ ಲಸಿಕೆ ಇರುವ ಶೈಶವದ ಡೋಸುಗಳಲ್ಲಿ ಮಾತ್ರ 60 ಮಿಲಿಗ್ರಾಮಿನಂತೆ ಮೂರು ಸಲ, ನಾಲ್ಕರಿಂದ ಆರು ಗಂಟೆಯ ಅಂತರದಲ್ಲಿ ಕೊಡಲು ಹೇಳುತ್ತಾರೆ. ಈ ನಿರ್ಧಾರಕ್ಕೆ ಆಧಾರವಾದ ಪ್ರಯೋಗದಲ್ಲಿ, ಮುಂಗಡ ಪ್ಯಾರಾಸಿಟಮಾಲಿನಿಂದ ಆ ಲಸಿಕೆಯ ಪ್ರತಿಕಾಯ ತಗ್ಗಲಿಲ್ಲ. 2014ರಲ್ಲಿ ಪ್ರಕಟವಾದ ಆ ಪ್ರಯೋಗದ ಮೊದಲ ಲೇಖಕರೂ ಅದೇ ರೋಮನ್ ಪ್ರಿಮುಲಾ. ಒಂದು ಲಸಿಕೆಗೆ ಬೇಡ ಎಂದ ಅವರೇ ಇನ್ನೊಂದಕ್ಕೆ ಪರೀಕ್ಷಿಸಿ ಅಡ್ಡಿಯಿಲ್ಲ ಎಂದು ತೋರಿಸಿದರು. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಆ ಲಸಿಕೆ ಇಲ್ಲ, ಹಾಗಾಗಿ ಅಲ್ಲಿನ ನಿಯಮವನ್ನು ಇಲ್ಲಿನ ಮಗುವಿಗೆ ಎತ್ತಿ ಹಾಕಬಾರದು.

ದಡಾರ–ರುಬೆಲ್ಲಾ ಸೂಜಿಯ ದಿನವಂತೂ ಮುಂಗಡ ಔಷಧಿಗೆ ಅರ್ಥವೇ ಇಲ್ಲ. ಅದು ಜೀವಂತ, ದುರ್ಬಲಗೊಳಿಸಿದ ವೈರಸ್ ಲಸಿಕೆ. ಅದರ ಜ್ವರ ಬರುವುದು ಸುಮಾರು ಒಂದು ವಾರದಿಂದ ಹನ್ನೆರಡು ದಿನಗಳ ನಡುವೆ. ದೊಡ್ಡವರ ಕೋವಿಡ್ ಲಸಿಕೆಯ ವಿಷಯದಲ್ಲೂ ಸೂಜಿಗೆ ಮೊದಲು ನೋವಿನ ಮಾತ್ರೆ ನುಂಗುವುದು ಬೇಡ, ತೊಂದರೆ ಆದರೆ ಆಮೇಲೆ ತೆಗೆದುಕೊಳ್ಳಿ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಆಕ್ಸ್‌ಫರ್ಡ್ ಲಸಿಕೆಯ, ಅಂದರೆ ನಮ್ಮ ಕೋವಿಶೀಲ್ಡಿನ, ಮೊದಲ ಪ್ರಯೋಗದಲ್ಲಿ ಒಂದು ಸಣ್ಣ ಗುಂಪು ಮುಂಗಡವಾಗಿ ಪ್ಯಾರಾಸಿಟಮಾಲ್ ತೆಗೆದುಕೊಂಡಿತ್ತು. ಅವರ ಪ್ರತಿಕಾಯ ಕಡಿಮೆಯಾಗಿರಲಿಲ್ಲ.

ಇನ್ನು ಜ್ವರ ಬಂದಾಗ ಕೊಡುವ ಬಗೆ. ನಿಜವಾದ ಅಪಾಯ ಇರುವುದು ಇಲ್ಲಿ. ಪ್ರತಿಕಾಯ ಸ್ವಲ್ಪ ಇಳಿದರೆ ಮಗುವಿಗೆ ತಕ್ಷಣ ಏನೂ ಆಗುವುದಿಲ್ಲ, ಡೋಸು ತಪ್ಪಿದರೆ ಆಗಬಹುದು. ಆರು ವಾರದ, ನಾಲ್ಕೂವರೆ ಕೆಜಿ ತೂಕದ ಒಂದು ಮಗುವನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಸೂಜಿ ಆಗಿದೆ. ರಾತ್ರಿ ಎಂಟಕ್ಕೆ ಮೈ ಬಿಸಿಯಾಗಿದೆ, ಕಂಕುಳಲ್ಲಿಟ್ಟ ಥರ್ಮಾಮೀಟರ್ 101 ತೋರಿಸುತ್ತಿದೆ, ಮಗು ಅಳುತ್ತಿದ್ದರೂ ಹಾಲು ಕುಡಿಯುತ್ತಿದೆ. ಪ್ಯಾರಾಸಿಟಮಾಲಿನ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಸಲಕ್ಕೆ ಪ್ರತಿ ಕೆಜಿಗೆ 10ರಿಂದ 15 ಮಿಲಿಗ್ರಾಂ. ಈ ಮಗುವಿಗೆ ಅದು 45ರಿಂದ 67 ಮಿಲಿಗ್ರಾಂ. 50 ಎಂದು ಇಟ್ಟುಕೊಳ್ಳೋಣ.

ಆ 50 ಮಿಲಿಗ್ರಾಂ ಎಷ್ಟು ಔಷಧಿಯಲ್ಲಿದೆ? ಅದು ಕೈಯಲ್ಲಿರುವ ಬಾಟಲಿಯ ಮೇಲೆ ನಿಂತಿದೆ. ಅಂಗಡಿಯಲ್ಲಿ ಸಿಗುವ ಸಣ್ಣ ‘ಡ್ರಾಪ್ಸ್’ ಬಾಟಲಿಯಲ್ಲಿ ಸಾಮಾನ್ಯವಾಗಿ ಒಂದು ಮಿಲಿಗೆ 100 ಮಿಲಿಗ್ರಾಂ ಇರುತ್ತದೆ, ಆದ್ದರಿಂದ ಅರ್ಧ ಮಿಲಿ ಸಾಕು. ಸಿರಪ್‌ನಲ್ಲಿ ಐದು ಮಿಲಿಗೆ 125 ಮಿಲಿಗ್ರಾಂ ಎಂದಿದ್ದರೆ ಎರಡು ಮಿಲಿ ಬೇಕು. ಐದು ಮಿಲಿಗೆ 250 ಎಂದಿದ್ದರೆ ಒಂದು ಮಿಲಿ. ‘ಕಳೆದ ಸಲ ಡಾಕ್ಟ್ರು ಎರಡು ಎಂಎಲ್ ಅಂದಿದ್ರು’ ಎಂದು ನೆನಪಿಟ್ಟುಕೊಂಡು ಈ ಬಾರಿ ಡ್ರಾಪ್ಸ್ ಬಾಟಲಿಯಿಂದ ಎರಡು ಮಿಲಿ ಹಾಕಿದರೆ ಮಗುವಿನ ಹೊಟ್ಟೆಗೆ ಹೋಗುವುದು 200 ಮಿಲಿಗ್ರಾಂ, ಬೇಕಾದದ್ದರ ನಾಲ್ಕು ಪಟ್ಟು. ಅದನ್ನು ದಿನಕ್ಕೆ ನಾಲ್ಕು ಸಲ ಮಾಡಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಆದ್ದರಿಂದ ಲಸಿಕೆ ಹಾಕಿಸಿದ ದಿನ ಸಿಸ್ಟರ್ ಹತ್ತಿರ ಮಗುವಿನ ತೂಕ ಬರೆಸಿಕೊಂಡು, ಮನೆಯಲ್ಲಿರುವ ಬಾಟಲಿಯ ಫೋಟೋ ತೋರಿಸಿ, ‘ಇದರಲ್ಲಿ ಎಷ್ಟು ಮಿಲಿ’ ಎಂದು ಕೇಳಿ ತಾಯಿ ಕಾರ್ಡಿನ ಮೇಲೆಯೇ ಬರೆಸಿಕೊಳ್ಳುವುದು ಒಳ್ಳೆಯದು. ಅಳೆಯಲು ಬಾಟಲಿಯ ಜೊತೆ ಬಂದ ಡ್ರಾಪರ್ ಅಥವಾ ಸೂಜಿಯಿಲ್ಲದ ಸಿರಿಂಜ್ ಬೇಕು, ಅಡುಗೆಮನೆಯ ಚಮಚ ಬೇಡ. ಮತ್ತೊಂದು ಡೋಸು ಬೇಕಾದರೆ ಆರು ಗಂಟೆ ಬಿಟ್ಟು, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲದಂತೆ. ಇಷ್ಟು ಎಳೆಯ ಮಗುವಿಗೆ ಐಬುಪ್ರೊಫೆನ್ ಅಥವಾ ಮೆಫೆನಾಮಿಕ್ ಆಮ್ಲವಿರುವ ಸಿರಪ್ ಮನೆಯಲ್ಲೇ ಕೊಡುವುದಂತೂ ಬೇಡವೇ ಬೇಡ, ಆಸ್ಪಿರಿನ್ ಹತ್ತಿರವೂ ತರಬಾರದು.

ಜ್ವರವಿಲ್ಲದೆ ಮೈ ಸ್ವಲ್ಪ ಬೆಚ್ಚಗಿದ್ದು ಮಗು ಆರಾಮಾಗಿ ನಿದ್ದೆ ಮಾಡುತ್ತಿದ್ದರೆ ಎಬ್ಬಿಸಿ ಔಷಧಿ ಹಾಕುವ ಅಗತ್ಯವಿಲ್ಲ. ದಪ್ಪ ಸ್ವೆಟರ್, ಕುಲಾವಿ ತೆಗೆದು ಹಗುರ ಬಟ್ಟೆ ಹಾಕಿ, ಪದೇ ಪದೇ ಎದೆಹಾಲು ಕೊಟ್ಟರೆ ಸಾಕು. ಚುಚ್ಚುವಾಗಿನ ನೋವಿಗೂ ಎದೆಹಾಲೇ ಮದ್ದು. ಸೂಜಿ ಹಾಕುವ ಸಮಯದಲ್ಲಿ ಅಥವಾ ಅದಕ್ಕೆ ಸ್ವಲ್ಪ ಮೊದಲು ಹಾಲುಣಿಸಲು ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡುತ್ತದೆ.

ಒಂದು ಅಂಶವನ್ನು ಮಾತ್ರ ಎಲ್ಲ ಮನೆಯವರೂ ತಿಳಿದಿರಬೇಕು. ಮೂರು ತಿಂಗಳೊಳಗಿನ ಮಗುವಿಗೆ ಲಸಿಕೆಯ ಕಾರಣವಿಲ್ಲದೆ ಜ್ವರ ಬಂದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಲಸಿಕೆಯ ಜ್ವರಕ್ಕೆ ಸಿಗುವ ವಿನಾಯಿತಿ ಮೊದಲ ಎರಡು ದಿನಗಳಿಗೆ ಮಾತ್ರ. ಎರಡು ದಿನ ದಾಟಿಯೂ ಜ್ವರ ಉಳಿದರೆ, 102 ಮೀರಿದರೆ, ಮಗು ಹಾಲು ಬಿಟ್ಟರೆ, ಮೂರು ಗಂಟೆಗೂ ಹೆಚ್ಚು ಹೊತ್ತು ಸಮಾಧಾನವಾಗದೆ ಒಂದೇ ಸಮನೆ ಅತ್ತರೆ, ಮೈ ಬಿಳಿಚಿ ಜೋತುಬಿದ್ದರೆ, ಫಿಟ್ಸ್ ಬಂದರೆ, ಲಸಿಕೆಯಿಂದಲೇ ಇರಬಹುದು ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮುಂಗಡವಾಗಿ, ಗಂಟೆ ನೋಡಿಕೊಂಡು ಔಷಧಿ ಹಾಕುತ್ತಾ ಹೋಗುವುದರಲ್ಲಿ ಇರುವ ಇನ್ನೊಂದು ತೊಡಕೂ ಇದೇ: ಲಸಿಕೆಗೆ ಸಂಬಂಧವೇ ಇಲ್ಲದ ಸೋಂಕಿನ ಜ್ವರ ಅದೇ ದಿನ ಶುರುವಾಗಿದ್ದರೆ, ಅದು ಔಷಧಿಯ ಅಡಿಯಲ್ಲಿ ಮುಚ್ಚಿಹೋಗಿ ಮನೆಯವರ ಕಣ್ಣಿಗೆ ತಡವಾಗಿ ಬೀಳುತ್ತದೆ.